ಬ್ಲೈಂಡ್ ಹೋಲ್

ಬೈಲಹೊಂಗಲ, ಕಿತ್ತೂರು ಕಡೆಯ ಹುಡುಗರು ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪಿಗೆ ಸೇರಿದ ಮೊದಲ ವಾರದಲ್ಲೇ ಕೇಳುವ ಮಾತಿದು. ಆಚೆ ದಾಟದೆ ಲೋಹದೊಳಗೇ ನಿಲ್ಲುವ ತೂತು ಬ್ಲೈಂಡ್ ಹೋಲ್. ಇಂಗ್ಲಿಷಿನಲ್ಲಿ ಒಂದು ತುದಿ ಮುಚ್ಚಿದ ಓಣಿಗೂ ಇದೇ ವಿಶೇಷಣ. ಅದನ್ನು ‘ಕುರುಡು ತೂತು’ ಎಂದರೆ ಅರ್ಥ ಕೆಡುತ್ತದೆ. ಕನ್ನಡದ ಕುರುಡು ಕಾಸು ಬೆಲೆಯಿಲ್ಲದ್ದು, ಮುಚ್ಚಿದ್ದಲ್ಲ. ‘ತಳ ಇರುವ ತೂತು’ ಎಂಬುದೇ ಸರಿ, ಏಕೆಂದರೆ ಕೆಲಸ ಕೆಡುವುದು ಆ ತಳದಲ್ಲೇ.

ಎಂ10 ಬೋಲ್ಟಿಗೆ 20 ಮಿ.ಮೀ. ಪೂರ್ಣ ಥ್ರೆಡ್ ಬೇಕೆನ್ನಿ. ಪಿಚ್ 1.5, ಡ್ರಿಲ್ 8.5 ಮಿ.ಮೀ. 20ಕ್ಕೇ ಡ್ರಿಲ್ ನಿಲ್ಲಿಸಿದರೆ ಸಾಲದು. ಟ್ಯಾಪಿನ ಮೂತಿ ಇಳಿಜಾರಾಗಿರುತ್ತದೆ. ಎರಡನೇ ಟ್ಯಾಪಿನಲ್ಲಿ ಸುಮಾರು ನಾಲ್ಕು ಹಲ್ಲು ಅರೆಬರೆ ಕತ್ತರಿಸುತ್ತವೆ. ಅದಕ್ಕೆ 6 ಮಿ.ಮೀ. ಚೂರು ಬೀಳಲು ಇನ್ನೂ 4. ಒಟ್ಟು 30. ಈ ಅಳತೆ ತೂತಿನ ಪೂರ್ಣ ಅಗಲ ಇರುವವರೆಗೆ ಮಾತ್ರ. ಡ್ರಿಲ್ಲಿನ ಚೂಪು ಕೆಳಗೆ ಇನ್ನೂ ಎರಡೂವರೆ ಮಿ.ಮೀ. ಹೋಗುತ್ತದೆ. ಎರಕದ ಗೋಡೆ ತೆಳುವಾಗಿದ್ದರೆ ಅದೇ ಆಚೆ ತೂರುತ್ತದೆ. ಅಂಥಲ್ಲಿ ಕೊನೆಗೆ ಬಾಟಮ್ ಟ್ಯಾಪ್ ಹಾಕಿದರೆ 26 ಸಾಕು, ಆದರೆ ಚೂರು ಆಗಾಗ ತೆಗೆಯಬೇಕು.

ಹ್ಯಾಂಡಲ್ ಒಮ್ಮೆಲೇ ಬಿಗಿಯಾದರೆ ಟ್ಯಾಪ್ ತಳ ಮುಟ್ಟಿದೆ ಅಥವಾ ಚೂರು ತುಂಬಿದೆ. ಅಲ್ಲಿ ಬಲ ಹಾಕಬೇಡಿ, ಹಿಂದಕ್ಕೆ ತಿರುಗಿಸಿ ತೆಗೆಯಿರಿ.