ಗೇಮ್ ಗಿಫ್ಟ್ ಕಾರ್ಡ್: ಸುರಕ್ಷಿತ ಖರೀದಿ ಮತ್ತು ಕೋಡ್ ಮರುಮಾರಾಟದ ವಂಚನೆ

ಸ್ಟೀಮ್, ಪ್ಲೇಸ್ಟೇಷನ್ ಸ್ಟೋರ್, ಎಕ್ಸ್‌ಬಾಕ್ಸ್, ಗೂಗಲ್ ಪ್ಲೇ ಮುಂತಾದ ಆನ್‌ಲೈನ್ ಮಳಿಗೆಗಳಲ್ಲಿ ಆಟ ಕೊಳ್ಳಲು ಮುಂಗಡ ಹಣ ಕೊಟ್ಟು ಪಡೆಯುವ ಕೋಡ್‌ಗೆ ಗೇಮ್ ಗಿಫ್ಟ್ ಕಾರ್ಡ್ ಎನ್ನುತ್ತಾರೆ. ಕಾರ್ಡ್ ಎಂಬುದು ಹೆಸರಿಗಷ್ಟೇ. ಬೆಲೆಯೆಲ್ಲ ಇರುವುದು ಅದರ ಮೇಲಿನ ಅಕ್ಷರ, ಅಂಕಿಗಳ ಸಾಲಿನಲ್ಲಿ. ಸ್ಟೀಮ್ ಕೋಡ್‌ನಲ್ಲಿ 15 ಅಕ್ಷರಗಳಿದ್ದರೆ ಎಕ್ಸ್‌ಬಾಕ್ಸ್ ಕೋಡ್‌ನಲ್ಲಿ ಐದೈದರ ಐದು ಗುಂಪುಗಳಾಗಿ 25 ಇರುತ್ತವೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಮೊದಲು ತನ್ನ ಖಾತೆಗೆ ಹಾಕಿಕೊಂಡವನಿಗೆ ಹಣ ಸೇರುತ್ತದೆ, ಆಮೇಲೆ ಕೋಡ್ ಸತ್ತಂತೆ.

ಕಳ್ಳರಿಗೆ ಕೋಡ್ ಇಷ್ಟವಾಗುವುದು ಇದೇ ಕಾರಣಕ್ಕೆ. ಕದ್ದ ಟಿ.ವಿ.ಯನ್ನು ಹೊತ್ತು ಸಾಗಿಸಬೇಕು, ಕದ್ದ ಕೋಡನ್ನು ಒಂದು ಮೆಸೇಜಿನಲ್ಲಿ ಮಾರಬಹುದು.

ಸಾಮಾನ್ಯವಾಗಿ ನಡೆಯುವ ಮೋಸವನ್ನು ಒಂದು ಲೆಕ್ಕದಿಂದ ನೋಡಬಹುದು. ಯಾರದೋ ಕ್ರೆಡಿಟ್ ಕಾರ್ಡಿನ ವಿವರ ಕದ್ದವನೊಬ್ಬ ಅದರಿಂದ 5,000 ರೂಪಾಯಿಯ ಕೋಡ್ ಕೊಂಡು, ಟೆಲಿಗ್ರಾಂ ಗುಂಪೊಂದರಲ್ಲಿ 3,800ಕ್ಕೆ ಮಾರುತ್ತಾನೆ. ಕೊಂಡ ಹುಡುಗ ಅದನ್ನು ಖಾತೆಗೆ ಹಾಕಿದರೆ ಹಣ ನಿಜವಾಗಿಯೂ ಬರುತ್ತದೆ, ಆಟವೂ ಇಳಿಯುತ್ತದೆ. ಕೆಲವು ವಾರಗಳ ಬಳಿಕ ಕಾರ್ಡಿನ ಅಸಲಿ ಮಾಲೀಕರು ಬಿಲ್ ನೋಡಿ ಬ್ಯಾಂಕಿಗೆ ದೂರು ಕೊಡುತ್ತಾರೆ. ಬ್ಯಾಂಕ್ ಪಾವತಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಆಗ ಮಳಿಗೆ ಆ ಕೋಡ್ ಯಾವ ಖಾತೆ ಸೇರಿತೆಂದು ಹುಡುಕಿ ಹಣ ಕಳೆಯಬಹುದು, ಖಾತೆಗೇ ಬೀಗ ಹಾಕಲೂಬಹುದು. 1,200 ರೂಪಾಯಿ ಉಳಿಸಲು ಹೋದವನು ವರ್ಷಗಟ್ಟಲೆ ಕೂಡಿಟ್ಟ ಆಟಗಳನ್ನೇ ಅಪಾಯಕ್ಕೆ ಒಡ್ಡಿರುತ್ತಾನೆ. ಮಾರಿದವನ ಟೆಲಿಗ್ರಾಂ ಖಾತೆ ಅಷ್ಟರಲ್ಲಿ ಮಾಯವಾಗಿರುತ್ತದೆ.

ಕಳ್ಳತನ ಕಂಪನಿಯ ಒಳಗಿನಿಂದಲೂ ಆಗಬಹುದು. ಮೈಕ್ರೋಸಾಫ್ಟ್‌ನ ಆನ್‌ಲೈನ್ ಮಳಿಗೆಯನ್ನು ಪರೀಕ್ಷಿಸುವ ತಂಡದಲ್ಲಿದ್ದ ಒಬ್ಬ ಎಂಜಿನಿಯರ್, ಪರೀಕ್ಷೆಗೆಂದು ಕೊಟ್ಟಿದ್ದ ಖಾತೆಗಳಿಂದ ಎಕ್ಸ್‌ಬಾಕ್ಸ್ ಗಿಫ್ಟ್ ಕಾರ್ಡ್ ಆರ್ಡರ್ ಮಾಡಿದ. ಆ ಖಾತೆಗಳಿಂದ ಸಾಮಾನು ತರಿಸಿದರೆ ಅದು ಮನೆಗೆ ಬರದಂತೆ ತಡೆಯಿತ್ತು. ಕೋಡ್‌ಗಳಿಗೆ ಅಂಥ ತಡೆ ಇರಲಿಲ್ಲ, ಬಂದವೆಲ್ಲ ಚಾಲ್ತಿಯಲ್ಲಿದ್ದ ಕೋಡ್‌ಗಳೇ! ಅವನ್ನು ಇಂಟರ್ನೆಟ್‌ನಲ್ಲಿ ಮರುಮಾರಾಟ ಮಾಡಿ ಸರೋವರದ ದಂಡೆಯಲ್ಲಿ 16 ಲಕ್ಷ ಡಾಲರ್‌ನ ಮನೆಯನ್ನೂ 1,60,000 ಡಾಲರ್‌ನ ಟೆಸ್ಲಾ ಕಾರನ್ನೂ ಕೊಂಡ. ಕಳವಿನ ಒಟ್ಟು ಮೊತ್ತ 1 ಕೋಟಿ ಡಾಲರ್‌ಗೂ ಹೆಚ್ಚು. ಅಮೆರಿಕದ ನ್ಯಾಯಾಲಯ 2020ರ ನವೆಂಬರ್‌ನಲ್ಲಿ ಅವನಿಗೆ 9 ವರ್ಷಗಳ ಜೈಲುಶಿಕ್ಷೆ ವಿಧಿಸಿತು.

ಅಂಗಡಿಯ ಸ್ಟ್ಯಾಂಡಿನಲ್ಲಿ ತೂಗುಹಾಕಿದ ಕಾರ್ಡಿನಲ್ಲಿ ನಡೆಯುವ ಮೋಸ ಬೇರೆ ಬಗೆಯದು. ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕ್ಯಾನ್ ಮಾಡುವ ತನಕ ಆ ಕಾರ್ಡಿಗೆ ಕಾಸಿನ ಬೆಲೆಯೂ ಇಲ್ಲ. ಹೀಗಾಗಿ ಕಳ್ಳ ಕಾರ್ಡನ್ನು ಕದಿಯುವುದಿಲ್ಲ. ಅದರ ಲೇಪ ಕೆರೆದು ಕೋಡ್ ಬರೆದುಕೊಂಡು, ಹೊಸ ಸ್ಟಿಕರ್ ಅಂಟಿಸಿ ಇದ್ದಲ್ಲೇ ಇಡುತ್ತಾನೆ. ಗಿರಾಕಿ ದುಡ್ಡು ಕೊಟ್ಟು ಕಾರ್ಡಿಗೆ ಜೀವ ಬಂದ ಕೂಡಲೇ ಹಣ ಬೇರೆಯವರ ಖಾತೆಗೆ ಹರಿಯುತ್ತದೆ. ಲೇಪದ ಅಂಚು ಎದ್ದಿದೆಯೇ, ಪೊಟ್ಟಣ ಮತ್ತೆ ಅಂಟಿಸಿದಂತಿದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಬೆರಳಾಡಿಸಿ ನೋಡುವುದು ಇದಕ್ಕಾಗಿ.

ಸುರಕ್ಷಿತ ಖರೀದಿ ಶುರುವಾಗುವುದು ಖಾತೆಯ ದೇಶ ನೋಡುವುದರಿಂದ. ಪ್ಲೇಸ್ಟೇಷನ್ ಖಾತೆಯನ್ನು ಭಾರತದಲ್ಲಿ ತೆರೆದಿದ್ದರೆ ಅಮೆರಿಕದ ಕಾರ್ಡ್ ಅದಕ್ಕೆ ಹತ್ತುವುದಿಲ್ಲ. ದುಬೈ ಅಥವಾ ಅಮೆರಿಕದಲ್ಲಿರುವ ಬಂಧುಗಳು ಊರಿನ ಮಕ್ಕಳಿಗೆ ಉಡುಗೊರೆ ಕಳಿಸುವಾಗ ಎಡವುವುದು ಬಹುಪಾಲು ಇಲ್ಲಿಯೇ. ಎರಡನೆಯದಾಗಿ, ಕಂಪನಿಯಿಂದಲೇ ಅಥವಾ ಅದು ತನ್ನ ವೆಬ್‌ಸೈಟಿನಲ್ಲಿ ಹೆಸರಿಸಿದ ಮಾರಾಟಗಾರರಿಂದಲೇ ಕೊಳ್ಳಬೇಕು. ದೊಡ್ಡ ಶಾಪಿಂಗ್ ತಾಣದಲ್ಲೂ ಮಾರುತ್ತಿರುವುದು ಆ ತಾಣವೋ ಹೊರಗಿನ ವ್ಯಾಪಾರಿಯೋ ಎಂದು ನೋಡಬೇಕಾಗುತ್ತದೆ. ಕೋಡ್ ಬಂದ ಮೇಲೆ ಇಟ್ಟುಕೊಳ್ಳದೆ ತಕ್ಷಣ ಖಾತೆಗೆ ಹಾಕುವುದು ಒಳ್ಳೆಯದು. ಸ್ಟೀಮ್‌ಗೆ store.steampowered.com/account/redeemwalletcode, ಗೂಗಲ್ ಪ್ಲೇಗೆ play.google.com/redeem ಎಂಬ ವಿಳಾಸವನ್ನು ಕೈಯಾರೆ ಟೈಪ್ ಮಾಡಬೇಕು. ‘ಬ್ಯಾಲೆನ್ಸ್ ನೋಡಿ’ ಎಂದು ಯಾರೋ ಕಳಿಸಿದ ಲಿಂಕಿನಲ್ಲಿ ಕೋಡ್ ಹಾಕಿದರೆ ಅದನ್ನು ಕಳ್ಳನ ಕೈಗೇ ಕೊಟ್ಟಂತೆ.

ಕೋಡ್ ನಡೆಯದಿದ್ದರೆ ಪರದೆಯ ಸಂದೇಶವನ್ನು ಸರಿಯಾಗಿ ಓದಬೇಕು. ಕಾರ್ಡ್ ಇನ್ನೂ ಚಾಲೂ ಆಗಿಲ್ಲ ಎಂದಿದ್ದರೆ ತಪ್ಪು ಕೌಂಟರಿನದು, ಬಿಲ್ ತೋರಿಸಿದರೆ ಸರಿಯಾಗುತ್ತದೆ. ಈಗಾಗಲೇ ಬಳಕೆಯಾಗಿದೆ ಎಂದಿದ್ದರೆ ಸ್ಕ್ರೀನ್‌ಶಾಟ್, ರಸೀದಿ, ಕಾರ್ಡಿನ ಎರಡೂ ಬದಿಯ ಫೋಟೊಗಳೊಂದಿಗೆ ಆ ಮಳಿಗೆಯ ಗ್ರಾಹಕ ಸೇವೆಗೆ ಬರೆಯಬೇಕು. ಮರುಮಾರಾಟಗಾರನಿಂದ ಕೊಂಡವರು ಸಿಕ್ಕಿಕೊಳ್ಳುವುದು ಇಲ್ಲಿ, ಏಕೆಂದರೆ ಅವರ ಬಳಿ ರಸೀದಿಯೇ ಇರುವುದಿಲ್ಲ. ಯುಪಿಐನಲ್ಲಿ ಹಣ ಕೊಟ್ಟು ಮೋಸಹೋದ ಭಾರತದ ಗ್ರಾಹಕರು ಕೂಡಲೇ 1930ಕ್ಕೆ ಕರೆಮಾಡಿ ಅಥವಾ cybercrime.gov.in ತಾಣದಲ್ಲಿ ದೂರು ಕೊಡಬಹುದು. ಹಣ ಮುಂದಿನ ಖಾತೆಗೆ ದಾಟುವ ಮೊದಲು ದೂರು ಮುಟ್ಟಿದರೆ, ಉಳಿದ ಮೊತ್ತವನ್ನು ಬ್ಯಾಂಕಿನಲ್ಲಿ ತಡೆಹಿಡಿಯಲು ಸಾಧ್ಯವಿದೆ.