ಬೆಳವಣಿಗೆಗೂ ಬೆಲೆ ಉಂಟು: ಟರ್ಮಿನಲ್ ವ್ಯಾಲ್ಯೂ ಸೂತ್ರ ನಡೆದುಬಂದ ದಾರಿ

ಒಂದು ಕಂಪನಿಯನ್ನು ಅದರ ಸಾಲದ ಹೊರೆಯನ್ನೂ ಹೊತ್ತು ಪೂರ್ತಿಯಾಗಿ ಕೊಳ್ಳುವುದಾದರೆ ಎಷ್ಟು ಕೊಡಬಹುದು? ಎಂಟರ್‌ಪ್ರೈಸ್ ವ್ಯಾಲ್ಯೂ ಎನ್ನುವುದು ಈ ಪ್ರಶ್ನೆಗೆ ಉತ್ತರ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಲೆಕ್ಕದಲ್ಲಿ ಎರಡು ಭಾಗಗಳಿವೆ. ಮೊದಲ ಐದೋ ಹತ್ತೋ ವರ್ಷಗಳ ಮುಕ್ತ ನಗದನ್ನು, ಅಂದರೆ ತೆರಿಗೆ ಕಟ್ಟಿ, ಯಂತ್ರ, ಕಟ್ಟಡ, ದುಡಿಯುವ ಬಂಡವಾಳಕ್ಕೆ ಬೇಕಾದದ್ದನ್ನು ಹಾಕಿದ ಮೇಲೆ ಉಳಿಯುವ ಹಣವನ್ನು, ವರ್ಷವರ್ಷಕ್ಕೆ ಅಂದಾಜು ಮಾಡಿ ಇಂದಿನ ಬೆಲೆಗೆ ಇಳಿಸುತ್ತಾರೆ. ಅದರಾಚೆಗೆ ಕಂಪನಿ ಒಂದೇ ದರದಲ್ಲಿ ಸದಾ ಬೆಳೆಯುತ್ತದೆಂದು ಭಾವಿಸಿ, ಉಳಿದೆಲ್ಲ ಕಾಲವನ್ನೂ ಒಂದೇ ಮೊತ್ತಕ್ಕೆ ತರುತ್ತಾರೆ. ಅದೇ ಟರ್ಮಿನಲ್ ವ್ಯಾಲ್ಯೂ. ಒಟ್ಟು ಬೆಲೆಯ ಮುಕ್ಕಾಲು ಪಾಲು ಈ ಎರಡನೆಯ ಭಾಗದಲ್ಲಿರುವುದು ಅಪರೂಪವಲ್ಲ. ಆದ್ದರಿಂದ ಬೆಳವಣಿಗೆಯ ದರ ಎಲ್ಲಿಂದ ಬರುತ್ತದೆ, ಅದಕ್ಕೆ ಹಣ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಈ ವಿಷಯದ ಚರಿತ್ರೆಯುದ್ದಕ್ಕೂ ಮತ್ತೆ ಮತ್ತೆ ಎದ್ದಿದೆ.

ಷೇರಿನ ಬೆಲೆ ಎಂದರೆ ಅದು ಮುಂದೆ ಕೊಡುವ ಲಾಭಾಂಶಗಳ ಇಂದಿನ ಮೌಲ್ಯ ಎಂದು ವ್ಯವಸ್ಥಿತವಾಗಿ ಪ್ರತಿಪಾದಿಸಿದವರು ಅಮೆರಿಕದ ಜಾನ್ ಬರ್ ವಿಲಿಯಮ್ಸ್. ಅವರ ಗ್ರಂಥ ಬಂದದ್ದು 1938ರಲ್ಲಿ, 1929ರ ಷೇರುಪೇಟೆ ಕುಸಿತದ ನೆನಪು ಇನ್ನೂ ಹಸಿಯಾಗಿದ್ದಾಗ. ಅದನ್ನು ಎಲ್ಲರ ಕೈಗೂ ಎಟುಕುವ ಪುಟ್ಟ ಸೂತ್ರವಾಗಿ ಜನಪ್ರಿಯಗೊಳಿಸಿದವರು ಮೈರನ್ ಗಾರ್ಡನ್. 1956ರಲ್ಲಿ ಅವರು ಎಲೈ ಶಪೀರೊ ಜೊತೆ ಬರೆದ ಲೇಖನದ ಸಾರ ಇಷ್ಟು: ಮುಂದಿನ ವರ್ಷದ ಲಾಭಾಂಶವನ್ನು, ಹೂಡಿಕೆದಾರ ಬಯಸುವ ಆದಾಯದ ದರದಿಂದ ಬೆಳವಣಿಗೆಯ ದರ ಕಳೆದು ಉಳಿದದ್ದರಿಂದ ಭಾಗಿಸಿದರೆ ಷೇರಿನ ಬೆಲೆ ಸಿಗುತ್ತದೆ. ಈ ಬೆಳವಣಿಗೆಯ ದರವನ್ನು ಗಾರ್ಡನ್ ಗಾಳಿಯಿಂದ ಹಿಡಿದು ತಂದಿರಲಿಲ್ಲ. ಲಾಭದಲ್ಲಿ ಎಷ್ಟು ಪಾಲನ್ನು ಕಂಪನಿಯಲ್ಲೇ ಉಳಿಸಿಕೊಳ್ಳುತ್ತಾರೆ, ಆ ಹಣ ಎಷ್ಟು ಗಳಿಸುತ್ತದೆ, ಈ ಎರಡರ ಗುಣಲಬ್ಧವೇ ಬೆಳವಣಿಗೆ ಎಂದರು. ಸೂತ್ರದ ಮೊದಲರ್ಧ ಎಲ್ಲರಿಗೂ ನೆನಪಿದೆ. ಎರಡನೆಯ ಅರ್ಧವನ್ನು ಬಹಳ ಮಂದಿ ಮರೆತರು.

ಮರುವರ್ಷವೇ, 1957ರಲ್ಲಿ, ಡೇವಿಡ್ ಡ್ಯುರಾಂಡ್ ಇದರ ಅಪಾಯದತ್ತ ಬೊಟ್ಟು ಮಾಡಿದರು. ಬೆಳವಣಿಗೆಯ ದರ ಬಯಸುವ ಆದಾಯದ ದರಕ್ಕೆ ಹತ್ತಿರವಾದಷ್ಟೂ ಭಾಜಕ ಸೊನ್ನೆಯತ್ತ ಸಾಗುತ್ತದೆ, ಬೆಲೆ ಅನಂತಕ್ಕೆ ಏರುತ್ತದೆ. ಹದಿನೆಂಟನೆಯ ಶತಮಾನದ ಪೀಟರ್ಸ್‌ಬರ್ಗ್ ಜೂಜಿನ ಒಗಟಿನಲ್ಲೂ ಇದೇ ತೊಡಕಿದೆ ಎಂದು ಅವರು ತೋರಿಸಿದರು.

ಮುಂದಿನ ಹೆಜ್ಜೆ ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ ಅವರದು. 1961ರ ಲೇಖನದಲ್ಲಿ ಅವರು ಲಾಭಾಂಶದಿಂದ ಲೆಕ್ಕ ಹಾಕಿದರೂ ನಗದು ಹರಿವಿನಿಂದ ಹಾಕಿದರೂ ಬೆಲೆ ಒಂದೇ ಎಂದು ಸಾಧಿಸಿದರು. ಜೊತೆಗೆ, ಹೊಸ ಹೂಡಿಕೆ ಬಂಡವಾಳದ ವೆಚ್ಚಕ್ಕಿಂತ ಹೆಚ್ಚು ಗಳಿಸಿದಾಗ ಮಾತ್ರ ಬೆಳವಣಿಗೆ ಬೆಲೆಯನ್ನು ಹೆಚ್ಚಿಸುತ್ತದೆ ಎಂದೂ ತೋರಿಸಿದರು. ಹೀಗೆ ಗಮನ ಒಂದು ಷೇರಿನಿಂದ ಇಡೀ ಉದ್ಯಮದತ್ತ ಹೊರಳಿತು. 1986ರಲ್ಲಿ ಆಲ್ಫ್ರೆಡ್ ರ‍್ಯಾಪಪೋರ್ಟ್ ಅವರ ಪುಸ್ತಕ, 1990ರಲ್ಲಿ ಮೆಕಿನ್ಸಿ ಸಂಸ್ಥೆಯ ಕೋಪ್‌ಲ್ಯಾಂಡ್, ಕೋಲರ್, ಮುರಿನ್ ಅವರ ಪುಸ್ತಕ ಇದನ್ನು ಕಂಪನಿಗಳ ಆಡಳಿತ ಮಂಡಳಿಗಳವರೆಗೆ ಒಯ್ದವು. ಮೆಕಿನ್ಸಿ ಬಳಗ ಬಳಕೆಗೆ ತಂದ ಸೂತ್ರ ಮರೆತುಹೋಗಿದ್ದ ಆ ಎರಡನೆಯ ಅರ್ಧವನ್ನು ಮತ್ತೆ ಒಳಗೆ ತಂದಿತು:

TV = NOPAT × (1 − g / RONIC) / (WACC − g)

NOPAT ಎಂದರೆ ತೆರಿಗೆ ಕಳೆದ ಕಾರ್ಯಾಚರಣೆಯ ಲಾಭ. g ಬೆಳವಣಿಗೆಯ ದರ. RONIC ಹೊಸದಾಗಿ ಹಾಕುವ ಬಂಡವಾಳ ಗಳಿಸುವ ದರ. WACC ಷೇರು ಮತ್ತು ಸಾಲ ಎರಡನ್ನೂ ಸೇರಿಸಿದ ಬಂಡವಾಳದ ಸರಾಸರಿ ವೆಚ್ಚ.

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಐದು ವರ್ಷಗಳ ಮುಕ್ತ ನಗದು ಕ್ರಮವಾಗಿ 40, 45, 50, 55, 60 ಕೋಟಿ ರೂಪಾಯಿ. ಬಂಡವಾಳದ ವೆಚ್ಚ ಶೇ. 12. ಇವುಗಳ ಇಂದಿನ ಬೆಲೆ ಸುಮಾರು 176 ಕೋಟಿ. ಆರನೆಯ ವರ್ಷದ ಲಾಭ 100 ಕೋಟಿ, ಅಲ್ಲಿಂದಾಚೆಗೆ ಬೆಳವಣಿಗೆ ಶೇ. 5, ಹೊಸ ಬಂಡವಾಳದ ಗಳಿಕೆ ಶೇ. 20 ಎಂದಿಟ್ಟುಕೊಳ್ಳಿ. ಶೇ. 20 ಗಳಿಸುವ ಬಂಡವಾಳದಿಂದ ಶೇ. 5 ಬೆಳೆಯಲು ಲಾಭದ ಕಾಲುಭಾಗವನ್ನು ಮತ್ತೆ ಹೂಡಬೇಕು. ಕೈಗೆ ಉಳಿಯುವುದು 75 ಕೋಟಿ. ಅದನ್ನು ಶೇ. 7ರಿಂದ ಭಾಗಿಸಿದರೆ 1,071 ಕೋಟಿ. ಐದು ವರ್ಷ ಹಿಂದಕ್ಕೆ ತಂದರೆ 608 ಕೋಟಿ. ಒಟ್ಟು ಎಂಟರ್‌ಪ್ರೈಸ್ ವ್ಯಾಲ್ಯೂ 784 ಕೋಟಿ.

ಈಗ ಬೆಳವಣಿಗೆಯನ್ನು ಶೇ. 6ಕ್ಕೆ ಏರಿಸಿ ನೋಡಿ. 75 ಕೋಟಿಯನ್ನು ಹಾಗೆಯೇ ಬಿಟ್ಟು ಭಾಜಕವನ್ನಷ್ಟೇ ಬದಲಿಸಿದರೆ ಬೆಲೆ 885 ಕೋಟಿಗೆ ಜಿಗಿಯುತ್ತದೆ. ಆದರೆ ಹೆಚ್ಚು ಬೆಳೆಯಲು ಹೆಚ್ಚು ಹೂಡಬೇಕು: ಮರುಹೂಡಿಕೆ 30 ಕೋಟಿಗೆ ಏರಿ ಕೈಗೆ 70 ಕೋಟಿ ಉಳಿಯುತ್ತದೆ, ಬೆಲೆ 838 ಕೋಟಿಯಾಗುತ್ತದೆ. ಕಂಡ ಏರಿಕೆಯಲ್ಲಿ ಸುಮಾರು ಅರ್ಧದಷ್ಟು ಮಾತ್ರ ನಿಜ. ಹೊಸ ಬಂಡವಾಳದ ಗಳಿಕೆಯೂ ಬಂಡವಾಳದ ವೆಚ್ಚದಷ್ಟೇ, ಅಂದರೆ ಶೇ. 12 ಆದರೆ, ಬೆಳವಣಿಗೆ ಸೊನ್ನೆಯಾಗಲಿ, ಐದಾಗಲಿ, ಆರಾಗಲಿ, ಟರ್ಮಿನಲ್ ವ್ಯಾಲ್ಯೂ 833 ಕೋಟಿಯಿಂದ ಕದಲುವುದಿಲ್ಲ. ಗಳಿಕೆ ಶೇ. 10ಕ್ಕೆ ಇಳಿದರಂತೂ ಬೆಳೆದಷ್ಟೂ ನಷ್ಟ: ಶೇ. 5ರ ಬೆಳವಣಿಗೆಗೆ 714 ಕೋಟಿ, ಶೇ. 6ಕ್ಕೆ 667 ಕೋಟಿ.

1979ರಲ್ಲಿ ವಿಸಿಕ್ಯಾಲ್ಕ್ ಬಂದ ಮೇಲೆ ಸ್ಪ್ರೆಡ್‌ಶೀಟ್‌ಗಳು ಈ ಲೆಕ್ಕವನ್ನು ಎಲ್ಲರ ಮೇಜಿಗೂ ತಂದವು. ಹಳೆಯ ತಪ್ಪು ಹೊಸ ರೂಪದಲ್ಲಿ ನುಸುಳಿದ್ದೂ ಅಲ್ಲೇ. ಬೆಳವಣಿಗೆಯ ದರ ಒಂದು ಕೋಶದಲ್ಲಿ, ಬಂಡವಾಳ ವೆಚ್ಚಗಳು ಇನ್ನೊಂದು ಸಾಲಿನಲ್ಲಿ, ಎರಡಕ್ಕೂ ನಂಟಿಲ್ಲ. ಕೊನೆಯ ವರ್ಷದಲ್ಲಿ ಹೊಸ ಹೂಡಿಕೆಯನ್ನು ಸವಕಳಿಗೆ ಸಮವೆಂದು ಇಟ್ಟು, ದುಡಿಯುವ ಬಂಡವಾಳವನ್ನೂ ಮರೆತು, ಪಕ್ಕದಲ್ಲೇ ಶೇ. 5ರ ಬೆಳವಣಿಗೆ ಬರೆಯುವುದು ಇದರ ಸಾಮಾನ್ಯ ರೂಪ. ಆಗ ನಮ್ಮ ಕಂಪನಿಯ 100 ಕೋಟಿ ಲಾಭವೆಲ್ಲ ಮುಕ್ತ ನಗದಾಗಿ, ಬೆಲೆ 987 ಕೋಟಿ ಎಂದು ತೋರುತ್ತದೆ. ಅಂದರೆ ಎಲ್ಲಿಂದಲೂ ಬಾರದ 200 ಕೋಟಿಯಷ್ಟು ಸೇರಿಕೊಂಡಿದೆ. ಇದನ್ನು ಪತ್ತೆಹಚ್ಚುವುದು ಸುಲಭ. ಬೆಳವಣಿಗೆಯ ದರವನ್ನು ಮರುಹೂಡಿಕೆಯ ಪಾಲಿನಿಂದ ಭಾಗಿಸಿ. ಲಾಭದ ಹತ್ತನೇ ಒಂದು ಭಾಗ ಹೂಡಿ ಶೇ. 5 ಬೆಳೆಯುತ್ತೇನೆ ಎನ್ನುವ ಕಂಪನಿ, ಹೊಸ ಬಂಡವಾಳದ ಮೇಲೆ ಶೇ. 50 ಗಳಿಕೆಯನ್ನು ಶಾಶ್ವತವಾಗಿ ಪಡೆಯುತ್ತೇನೆ ಎಂದಂತಾಯಿತು. ಪೈಪೋಟಿಯಿರುವ ಪೇಟೆಯಲ್ಲಿ ಅದನ್ನು ನಂಬಲು ಗಟ್ಟಿ ಕಾರಣ ಬೇಕು.

ದರಕ್ಕೂ ಒಂದು ಮಿತಿಯಿದೆ. ದೇಶದ ಆರ್ಥಿಕತೆಗಿಂತ ವೇಗವಾಗಿ ಸದಾ ಬೆಳೆಯುವ ಕಂಪನಿ ಒಂದು ದಿನ ಆರ್ಥಿಕತೆಗಿಂತಲೂ ದೊಡ್ಡದಾಗಬೇಕಾಗುತ್ತದೆ, ಅದು ಅಸಾಧ್ಯ. ದೀರ್ಘಾವಧಿಯ ಸರ್ಕಾರಿ ಬಾಂಡ್‌ನ ಬಡ್ಡಿಯನ್ನು ಈ ದರ ಮೀರಬಾರದು ಎನ್ನುವುದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಶ್ವತ್ಥ್ ದಾಮೋದರನ್ ಹೇಳಿಕೊಡುವ ನಿಯಮ. ರೂಪಾಯಿಯ ನಗದಿಗೆ ರೂಪಾಯಿಯದೇ ದರಗಳು ಬೇಕು; ಇಲ್ಲಿನ ಹಣದುಬ್ಬರ ಸೇರಿದ ಬೆಳವಣಿಗೆಗೆ ಡಾಲರ್‌ನ ಬಂಡವಾಳದ ವೆಚ್ಚ ಜೋಡಿಸಿದರೆ ಭಾಜಕ ಸುಳ್ಳಾಗಿಯೇ ಕಿರಿದಾಗುತ್ತದೆ.

ಭಾರತದಲ್ಲಿ ಈ ಲೆಕ್ಕ ಬೇರೂರಿದ್ದು ತಡವಾಗಿ. 1992ರವರೆಗೆ ಹೊಸ ಷೇರುಗಳ ಬೆಲೆ ಬಂಡವಾಳ ನಿಯಂತ್ರಕರ ಹಿಡಿತದಲ್ಲಿತ್ತು. ಅವರು ನೋಡುತ್ತಿದ್ದದ್ದು ಮುಖ್ಯವಾಗಿ ನಿವ್ವಳ ಆಸ್ತಿ ಮತ್ತು ಹಿಂದಿನ ಗಳಿಕೆ. 2012ರಲ್ಲಿ ಬಂದ ಏಂಜೆಲ್ ಟ್ಯಾಕ್ಸ್ ನಿಯಮಗಳು ಭವಿಷ್ಯದ ನಗದಿನ ಲೆಕ್ಕವನ್ನು ಒಂದು ಅಂಗೀಕೃತ ವಿಧಾನವಾಗಿಸಿದವು. ಬೆಂಗಳೂರಿನಂಥ ಊರುಗಳ ಸ್ಟಾರ್ಟ್‌ಅಪ್‌ಗಳು ತಮ್ಮ ಷೇರಿನ ಬೆಲೆಯನ್ನು ತೆರಿಗೆ ಅಧಿಕಾರಿಗಳೆದುರು ಹೆಚ್ಚಾಗಿ ಈ ಲೆಕ್ಕದಿಂದಲೇ ಸಮರ್ಥಿಸಬೇಕಾಯಿತು. 2024ರ ಬಜೆಟ್ ಆ ತೆರಿಗೆಯನ್ನು ಕೈಬಿಟ್ಟಿತು, ಲೆಕ್ಕದ ರೂಢಿ ಉಳಿದಿದೆ. ಮೊದಲ ವರ್ಷಗಳೆಲ್ಲ ನಷ್ಟದಲ್ಲಿರುವ ಇಂಥ ಕಂಪನಿಗೆ ಟರ್ಮಿನಲ್ ವ್ಯಾಲ್ಯೂ ಒಟ್ಟು ಬೆಲೆಯನ್ನೂ ಮೀರುತ್ತದೆ. ಅಲ್ಲಿ ಐದು ವರ್ಷಗಳ ಅಂದಾಜು ಸಾಲದು. ಗಳಿಕೆ ಮತ್ತು ಬೆಳವಣಿಗೆ ಎರಡೂ ಒಂದು ಹದಕ್ಕೆ ಬರುವವರೆಗೆ ಅಂದಾಜನ್ನು ಮುಂದುವರಿಸಿ, ಆಮೇಲೆ ಮಾತ್ರ ಈ ಸೂತ್ರವನ್ನು ಹಾಕಬೇಕು. ಯಾರಾದರೂ ಮೌಲ್ಯಮಾಪನದ ವರದಿ ಮುಂದಿಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ, ಕೊನೆಯ ವರ್ಷದ ಬೆಳವಣಿಗೆಗೆ ಎಷ್ಟು ಹಣ ಹೂಡಲಾಗಿದೆ ಎಂಬುದು. ಆ ಅಂಕಿ ವರದಿಯಲ್ಲಿ ಇಲ್ಲದಿದ್ದರೆ ಬೆಲೆಯ ಮುಕ್ಕಾಲು ಪಾಲಿಗೆ ಇನ್ನೂ ಆಧಾರ ಸಿಕ್ಕಿಲ್ಲವೆಂದೇ ತಿಳಿಯಬೇಕು.