ಯುಎಸ್‌ಬಿ ತಂತಿಯ ಮೊಬೈಲ್ ವೆಬ್‌ಕ್ಯಾಮ್

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸ್ಮಾರ್ಟ್‌ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಫೋನಿನ ಕ್ಯಾಮೆರಾದ ದೃಶ್ಯವನ್ನು ಆನ್‌ಲೈನ್ ತರಗತಿಗೆ ಕಳಿಸುವ ವಿಧಾನ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನಿಗೆ ಬಂದಾಗ ಕ್ಯಾಮೆರಾ ಇಲ್ಲದ ಡೆಸ್ಕ್‌ಟಾಪ್‌ಗಳಿಗೆ ಇದು ಕೈಗೆಟುಕುವ ಪರಿಹಾರವಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗಳಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವಿದೆ: ಕ್ಯಾಮೆರಾ, ಇಂಟರ್ನೆಟ್ ಎರಡನ್ನೂ ಒಂದೇ ತಂತಿ ಕೊಡಬಲ್ಲದು.

ಕುಷ್ಟಗಿಯ ಗಣಿತ ಶಿಕ್ಷಕರೊಬ್ಬರು ಹಾಳೆಯ ಮೇಲೆ ಲೆಕ್ಕ ಬಿಡಿಸಿ ತೋರಿಸಬೇಕಾಗಿದೆ ಎಂದುಕೊಳ್ಳೋಣ. ಡ್ರಾಯ್ಡ್‌ಕ್ಯಾಮ್ ತಂತ್ರಾಂಶವನ್ನು ಆಂಡ್ರಾಯ್ಡ್ ಫೋನಿಗೂ ಕಂಪ್ಯೂಟರಿಗೂ ಹಾಕಿಕೊಳ್ಳಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ Build number ಮೇಲೆ ಏಳು ಸಲ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಅದರಲ್ಲಿ USB debugging ಆನ್ ಮಾಡಬೇಕು. ತಂತಿ ಜೋಡಿಸಿದ ಮೇಲೆ ಮೊದಲು USB tethering ಹಾಕಿ, ಆಮೇಲಷ್ಟೇ ಕ್ಯಾಮೆರಾ ಶುರುಮಾಡುವುದು ಒಳ್ಳೆಯದು. ಈ ಕ್ರಮ ತಿರುಗುಮುರುಗಾದರೆ, ಟೆದರಿಂಗ್ ಹಾಕಿದ ಕೂಡಲೇ ಯುಎಸ್‌ಬಿ ಸಂಪರ್ಕ ಒಮ್ಮೆ ಕಡಿದು ಮತ್ತೆ ಕೂಡುವುದರಿಂದ ಚಿತ್ರ ನಿಂತುಹೋಗುತ್ತದೆ. ಕೊನೆಗೆ ಮೀಟ್ ಅಥವಾ ಜೂಮ್‌ನ ಕ್ಯಾಮೆರಾ ಪಟ್ಟಿಯಲ್ಲಿ ಡ್ರಾಯ್ಡ್‌ಕ್ಯಾಮನ್ನು ಆರಿಸಬೇಕು. ಹಾಳೆಯಿಂದ ಒಂದಡಿಗಿಂತ ತುಸು ಮೇಲೆ ಫೋನನ್ನು ಅಡ್ಡಲಾಗಿ ನಿಲ್ಲಿಸಿದರೆ ಎ4 ಹಾಳೆ ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ. ಶಿಕ್ಷಕರ ಪರದೆಯಲ್ಲಿ ಅಕ್ಷರ ತಿರುವುಮುರುವಾಗಿ ಕಂಡರೆ ಗಾಬರಿಪಡಬೇಕಿಲ್ಲ. ಸ್ವಂತ ಚಿತ್ರವನ್ನು ಈ ತಂತ್ರಾಂಶಗಳು ಕನ್ನಡಿಯಂತೆ ತೋರಿಸುತ್ತವೆ, ಮಕ್ಕಳಿಗೆ ಬರಹ ನೆಟ್ಟಗೇ ಕಾಣುತ್ತದೆ.

ಆಂಡ್ರಾಯ್ಡ್ 14ರಿಂದ ಈಚೆಗೆ ಕೆಲವು ಫೋನುಗಳ ಯುಎಸ್‌ಬಿ ಆಯ್ಕೆಗಳಲ್ಲಿ Webcam ಕೂಡ ಇದ್ದು, ಅವು ಬೇರೆ ತಂತ್ರಾಂಶವಿಲ್ಲದೆ ಕ್ಯಾಮೆರಾ ಆಗುತ್ತವೆ. ಆದರೆ ಆ ಪಟ್ಟಿಯಲ್ಲಿ ಒಮ್ಮೆಗೆ ಒಂದನ್ನಷ್ಟೇ ಆರಿಸಬಹುದು. ವೆಬ್‌ಕ್ಯಾಮ್ ಒತ್ತಿದರೆ ಟೆದರಿಂಗ್ ಹೋಗುತ್ತದೆ. ಆದ್ದರಿಂದ ಫೋನಿನ ಡೇಟಾವನ್ನೇ ನಂಬಿದ ಮನೆಗೆ ಹಳೆಯ ವಿಧಾನವೇ ಅನುಕೂಲ.

ಕಂಪ್ಯೂಟರಿನ ಡ್ರಾಯ್ಡ್‌ಕ್ಯಾಮ್‌ಗೆ ಫೋನೇ ಕಾಣದಿದ್ದರೆ ಮೊದಲು ಕೇಬಲ್ಲನ್ನು ಅನುಮಾನಿಸಬೇಕು. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ವಿದ್ಯುತ್ತಿನ ಎರಡು ಎಳೆಗಳಿದ್ದು, ಮಾಹಿತಿ ಸಾಗಿಸುವ ಎಳೆಗಳೇ ಇರುವುದಿಲ್ಲ. ಅಂಥವುಗಳಲ್ಲಿ ಫೋನು ಚಾರ್ಜ್ ಆಗುತ್ತದೆ, ಆದರೆ ಫೋಟೊ ಫೈಲುಗಳು ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಫೈಲು ತೆರೆದರೆ ಕೇಬಲ್ ಸರಿಯಿದೆ, ತೊಂದರೆ ಅನುಮತಿಯಲ್ಲಿದೆ: ಫೋನಿನ ಲಾಕ್ ತೆಗೆದು, ಡಿಬಗ್ಗಿಂಗ್ ಅನುಮತಿ ಕೇಳುವ ಸೂಚನೆಗೆ ಒಪ್ಪಿಗೆ ಕೊಡಬೇಕು. ಎಲ್ಲ ಸರಿಯಿದ್ದೂ ಮೀಟ್‌ನಲ್ಲಿ ಕಪ್ಪು ಪರದೆ ಬಂದರೆ, ಬಹುಮಟ್ಟಿಗೆ ಇನ್ನೊಂದು ತಂತ್ರಾಂಶ ಅದೇ ಕ್ಯಾಮೆರಾವನ್ನು ಹಿಡಿದಿರುತ್ತದೆ.

ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಕ್ಯಾಮೆರಾ, ಡೇಟಾ, ಪರದೆ ಮೂರೂ ನಡೆಯುವಾಗ ಅದು ಸಾಲದೆ ಚಾರ್ಜ್ ಹಾಕಿದ್ದರೂ ಬ್ಯಾಟರಿ ಮೆಲ್ಲಗೆ ಇಳಿಯಬಹುದು. ಬೇಸಿಗೆಯಲ್ಲಿ ಫೋನು ಕಾದು ಚಿತ್ರ ತಡೆತಡೆದು ಬರತೊಡಗಿದರೆ ಕವರ್ ತೆಗೆದು, ಪರದೆಯ ಬೆಳಕು ಇಳಿಸಿ, ಫ್ಯಾನಿನ ಗಾಳಿಗೆ ಇಡಬೇಕು. ಯುಪಿಎಸ್ ಇಲ್ಲದ ಕಡೆ ಕರೆಂಟು ಹೋದರೆ ಕಂಪ್ಯೂಟರ್ ಆರಿದರೂ ಅದೇ ಫೋನಿನಿಂದ ತರಗತಿಗೆ ನೇರವಾಗಿ ಸೇರಿಕೊಂಡು ಪಾಠ ಮುಂದುವರಿಸಬಹುದು. ಅದಕ್ಕಾಗಿ ಮೀಟ್ ಅಥವಾ ಜೂಮನ್ನು ಫೋನಿಗೂ ಮೊದಲೇ ಹಾಕಿಟ್ಟುಕೊಂಡಿರಬೇಕು.